ನಾಲ್ಕು ತಂತಿಯಲ್ಲಿ ಎಂಟು ಬಿಟ್
ಹಿಟಾಚಿಯ ಎಚ್‌ಡಿ44780 ಚಿಪ್ ಇರುವ ಅಕ್ಷರ ಎಲ್‌ಸಿಡಿಗೆ ನಾಲ್ಕು ಬಿಟ್ ವಿಧಾನದಲ್ಲಿ ದತ್ತಾಂಶ ಕಳಿಸಲು ಡಿ4ರಿಂದ ಡಿ7ರವರೆಗಿನ ತಂತಿಗಳಷ್ಟೇ ಸಾಕು. ಮೈಕ್ರೊಕಂಟ್ರೋಲರ್‌ನ ನಾಲ್ಕು ಪಿನ್ ಉಳಿಯುತ್ತವೆ, ಬದಲಿಗೆ ಪ್ರತಿ ಬೈಟ್ ಎರಡು ಕಂತಿನಲ್ಲಿ ಹೋಗುತ್ತದೆ. `B` ಅಕ್ಷರದ ಸಂಕೇತ `0x42`: ಮೊದಲು 4, ಆಮೇಲೆ 2.

ಪ್ರತಿ ಕಂತಿಗೂ ಎನೇಬಲ್ ಪಿನ್ ಒಮ್ಮೆ ಏರಿ ಇಳಿಯಬೇಕು. ಚಿಪ್ ದತ್ತಾಂಶ ಹಿಡಿಯುವುದು ಇಳಿಯುವಾಗ. 5 ವೋಲ್ಟ್‌ನಲ್ಲಿ ಆ ಪಿನ್ ಕನಿಷ್ಠ 230 ನ್ಯಾನೊಸೆಕೆಂಡ್ ಮೇಲಿರಬೇಕು, 3.3 ವೋಲ್ಟ್‌ನಲ್ಲಿ 450. ಒಂದು ಮೈಕ್ರೊಸೆಕೆಂಡ್ ಕೊಟ್ಟರೆ ಎರಡಕ್ಕೂ ನಿಶ್ಚಿಂತೆ. ಬೈಟ್ ಮುಗಿದ ಮೇಲೆ 50 ಮೈಕ್ರೊಸೆಕೆಂಡ್ ಕಾದರೆ ಸಾಮಾನ್ಯವಾಗಿ ಸಾಕು; ಪರದೆ ಅಳಿಸುವ ಆದೇಶಕ್ಕೆ 2 ಮಿಲಿಸೆಕೆಂಡ್ ಬೇಕು.

ಮೊದಲ ಮಿಡಿತ ತಪ್ಪಿತೆಂದರೆ ಜೋಡಿಯೇ ಕದಲುತ್ತದೆ: `BBB` ಕಳಿಸಿದರೆ ಪರದೆಯಲ್ಲಿ `$$` ಮೂಡುತ್ತದೆ, ಏಕೆಂದರೆ ಚಿಪ್ ಅದನ್ನು `0x24` ಎಂದು ಓದುತ್ತದೆ. ಆಗ 3ನ್ನು ಬಿಡುವು ಕೊಟ್ಟು ಮೂರು ಸಲ, ಬಳಿಕ 2ನ್ನು ಒಮ್ಮೆ ಕಳಿಸಿ ಹೊಸದಾಗಿ ಆರಂಭಿಸಬೇಕು.