ಎರಡಕ್ಷರದ ಬಾವುಟ

ಮೊಬೈಲಿನ ಇಮೋಜಿ ಪಟ್ಟಿಯಲ್ಲಿ ಭಾರತದ ಬಾವುಟವನ್ನು ಒತ್ತಿದಾಗ ಸಂದೇಶದೊಳಗೆ ಸೇರುವುದು ತ್ರಿವರ್ಣದ ಚಿತ್ರವಲ್ಲ, ಎರಡು ಅಕ್ಷರಗಳು. ಒಂದು I, ಇನ್ನೊಂದು N. ಆದರೆ ಇವು ಮಾಮೂಲಿ ಇಂಗ್ಲಿಷ್ ಅಕ್ಷರಗಳಲ್ಲ. ದೇಶ-ಪ್ರದೇಶಗಳನ್ನು ಸೂಚಿಸಲೆಂದೇ ಯುನಿಕೋಡ್ ಬೇರೆಯಾಗಿ ಇಟ್ಟಿರುವ 26 ಅಕ್ಷರಗಳಲ್ಲಿ ಎರಡು. ಅವುಗಳ ಸಂಕೇತ ಸಂಖ್ಯೆ ಹೀಗಿದೆ:

```
U+1F1EE U+1F1F3
```

ಈ ಏರ್ಪಾಡು ಬಂದದ್ದು 2010ರ ಯುನಿಕೋಡ್ 6.0ರಲ್ಲಿ. ಅದಕ್ಕೂ ಮೊದಲೇ ಜಪಾನಿನ ಮೊಬೈಲ್ ಕಂಪನಿಗಳ ಇಮೋಜಿಗಳಲ್ಲಿ ಹತ್ತು ದೇಶಗಳ ಬಾವುಟಗಳಿದ್ದವು. ಅವನ್ನು ಯುನಿಕೋಡಿಗೆ ತರಲೇಬೇಕಿತ್ತು. ಆದರೆ ಆ ಹತ್ತಕ್ಕೆ ಮಾತ್ರ ಜಾಗ ಕೊಟ್ಟರೆ ಉಳಿದ ದೇಶಗಳು ಸುಮ್ಮನಿರುತ್ತವೆಯೇ? ಎಲ್ಲಕ್ಕೂ ಒಂದೊಂದು ಸಂಕೇತ ಕೊಡಲು ಹೊರಟರೆ ಯಾವುದು ದೇಶ, ಯಾವುದಲ್ಲ ಎಂಬ ತೀರ್ಪನ್ನು ಅಕ್ಷರ ತಂತ್ರಜ್ಞರೇ ಕೊಡಬೇಕಾಗುತ್ತಿತ್ತು. ಹಾಗಾಗಿ ಅವರು ಬಾವುಟಗಳನ್ನು ಬಿಟ್ಟು ಅಕ್ಷರಗಳನ್ನಷ್ಟೇ ಕೊಟ್ಟರು. ಯಾವ ಜೋಡಿ ಯಾವ ದೇಶದ್ದು ಎಂಬುದಕ್ಕೆ ಆಧಾರ, ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಎರಡಕ್ಷರದ ದೇಶಸಂಕೇತಗಳ ಪಟ್ಟಿ. ಭಾರತಕ್ಕೆ IN, ಜಪಾನಿಗೆ JP, ಜರ್ಮನಿಗೆ DE.

ಹಾಗಾದರೆ ಚಿತ್ರ ಎಲ್ಲಿಂದ ಬರುತ್ತದೆ? ಫಾಂಟಿನಿಂದ. ಕನ್ನಡ ಓದುಗರಿಗೆ ಇದು ಹೊಸದಲ್ಲ. ‘ಕ್ತ’ ಎಂಬ ಒತ್ತಕ್ಷರಕ್ಕೆ ಯುನಿಕೋಡಿನಲ್ಲಿ ಪ್ರತ್ಯೇಕ ಸಂಕೇತವಿಲ್ಲ. ಅಲ್ಲಿರುವುದು ಕ, ಹಲಂತದ ಚಿಹ್ನೆ, ತ. ಈ ಮೂರು ಸಾಲಾಗಿ ಬಂದಾಗ ಫಾಂಟಿನೊಳಗಿನ ನಿಯಮ ಅವನ್ನು ಕೂಡಿಸಿ ತ-ವತ್ತು ಕೆಳಗಿರುವ ಒಂದೇ ರೂಪವನ್ನು ತೋರಿಸುತ್ತದೆ. ನಿಯಮವಿಲ್ಲದ ಫಾಂಟಿನಲ್ಲಿ ಒತ್ತು ಕೂಡದೆ ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಬಾವುಟದ ಕಥೆಯೂ ಇದೇ. I ಮತ್ತು N ಜೊತೆಯಾಗಿ ಬಂದರೆ ತ್ರಿವರ್ಣ ತೋರಿಸು ಎಂಬ ನಿಯಮ ಮತ್ತು ಆ ಚಿತ್ರ ಎರಡೂ ಫಾಂಟಿನಲ್ಲಿದ್ದರೆ ಬಾವುಟ ಹಾರುತ್ತದೆ, ಇಲ್ಲದಿದ್ದರೆ ಅಕ್ಷರಗಳೇ ಕಾಣುತ್ತವೆ.

ವಿಂಡೋಸ್ 10 ಮತ್ತು 11ರಲ್ಲಿ ಆಗುವುದು ಇದೇ. ಅವುಗಳೊಂದಿಗೆ ಬರುವ ‘ಸೆಗೋ ಯುಐ ಇಮೋಜಿ’ ಫಾಂಟಿನಲ್ಲಿ ದೇಶಗಳ ಬಾವುಟಗಳನ್ನು ಸೇರಿಸಿಲ್ಲ. ಆದ್ದರಿಂದ ಫೋನಿನಲ್ಲಿ ತ್ರಿವರ್ಣವಾಗಿ ಹೊರಟ ಸಂದೇಶ ಕಂಪ್ಯೂಟರಿನಲ್ಲಿ IN ಎಂದು ಕಾಣಬಹುದು. ಅದೇ ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸ್ ತೆರೆದರೆ ಬಾವುಟ ಬರುತ್ತದೆ, ಏಕೆಂದರೆ ಅದು ತನ್ನದೇ ಇಮೋಜಿ ಫಾಂಟನ್ನು ಜೊತೆಗೆ ತರುತ್ತದೆ. ಸಂದೇಶ ಕೆಟ್ಟಿಲ್ಲ ಎಂಬುದಕ್ಕೆ ಇದೇ ಪುರಾವೆ. ಅಕ್ಷರಗಳಾಗಿ ಕಂಡ ಬಾವುಟವನ್ನು ನಕಲು ಮಾಡಿ ಫೋನಿಗೆ ಕಳಿಸಿದರೂ ಅದು ಮತ್ತೆ ಬಾವುಟವಾಗುತ್ತದೆ.

ನಿಜವಾಗಿಯೂ ಕೆಡುವುದು ಜೋಡಿ ಮುರಿದಾಗ. ಭಾರತ ಮತ್ತು ಅಮೆರಿಕದ ಬಾವುಟಗಳನ್ನು ಒತ್ತೊತ್ತಾಗಿ ಇಟ್ಟರೆ ಒಳಗಿನ ಸಾಲು I, N, U, S. ನಡುವೆ ಗಡಿಗುರುತು ಏನೂ ಇಲ್ಲ. ತಂತ್ರಾಂಶ ಸಾಲಿನ ಮೊದಲಿನಿಂದ ಎರಡೆರಡಾಗಿ ಎಣಿಸಿ ಜೋಡಿ ಕಟ್ಟಬೇಕು. ಇದನ್ನು ಅರಿಯದ ಪ್ರೋಗ್ರಾಂ ಒಂದು ಮೊದಲ ಅಕ್ಷರವನ್ನಷ್ಟೇ ಅಳಿಸಿತು ಎಂದುಕೊಳ್ಳಿ. ಉಳಿಯುವುದು N, U, S. ಈಗ NU ಜೋಡಿಯಾಗಿ, ಯಾರೂ ಕರೆಯದ ಪೆಸಿಫಿಕ್ ದ್ವೀಪದೇಶ ನಿಯುವೆಯ ಬಾವುಟ ಮೂಡುತ್ತದೆ, ಪಕ್ಕದಲ್ಲಿ S ಒಂಟಿಯಾಗಿ ನಿಲ್ಲುತ್ತದೆ. ಸಂದೇಶವನ್ನು ಇಂತಿಷ್ಟೇ ಅಕ್ಷರಕ್ಕೆ ಕತ್ತರಿಸುವ ತಂತ್ರಾಂಶಗಳಲ್ಲೂ ಇದೇ ಅಪಾಯವಿದೆ. ಬಾವುಟವೊಂದನ್ನು ಜಾವಾಸ್ಕ್ರಿಪ್ಟ್‌ನ `length` ನಾಲ್ಕು ಎಂದು ಎಣಿಸುತ್ತದೆ. ಕಣ್ಣಿಗೆ ಒಂದಾಗಿ ಕಾಣುವುದನ್ನು ನಾಲ್ಕೆಂದು ಎಣಿಸಿ ನಡುವೆ ಕತ್ತರಿ ಹಾಕಿದರೆ ಕೊನೆಯ ಬಾವುಟ ಅರ್ಧವಾಗುತ್ತದೆ.

ಚಿತ್ರ ಕೊಡುವುದೂ ಬಿಡುವುದೂ ಫಾಂಟಿನವರ ಕೈಯಲ್ಲಿರುವುದರಿಂದ ಇಲ್ಲಿ ರಾಜಕೀಯಕ್ಕೂ ಜಾಗವಿದೆ. ಪ್ರದೇಶವನ್ನು ಚೀನಾ ಎಂದು ಹೊಂದಿಸಿದ ಐಫೋನ್ ತೈವಾನಿನ ಬಾವುಟವನ್ನು ತೋರಿಸುವುದಿಲ್ಲ. TW ಜೋಡಿ ಸಂದೇಶದಲ್ಲಿ ಇದ್ದೇ ಇರುತ್ತದೆ, ಚಿತ್ರವನ್ನಷ್ಟೇ ತಡೆಯಲಾಗಿದೆ.

ರಾಜ್ಯಗಳಿಗೆ ಎರಡಕ್ಷರ ಸಾಲದು. ಅವಕ್ಕೆ ಬೇರೆ ದಾರಿಯಿದೆ: ಮೊದಲು ಕಪ್ಪು ಬಾವುಟ, ಅದರ ಹಿಂದೆ ಕಣ್ಣಿಗೆ ಕಾಣದ ಅಕ್ಷರಗಳ ಸಾಲು, ಕೊನೆಗೆ ಮುಕ್ತಾಯದ ಗುರುತು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳ ಬಾವುಟಗಳು 2017ರಲ್ಲಿ ಬಂದದ್ದು ಹೀಗೆ. ನಿಯಮದ ಪ್ರಕಾರ `inka` ಎಂಬ ಸಾಲು ಕರ್ನಾಟಕವನ್ನು ಸೂಚಿಸುತ್ತದೆ, ಬರೆಯಲು ಅಡ್ಡಿಯಿಲ್ಲ. ಆದರೆ ಯುನಿಕೋಡ್ ಸಾರ್ವತ್ರಿಕ ಬಳಕೆಗೆ ಶಿಫಾರಸು ಮಾಡಿರುವುದು ಆ ಮೂರನ್ನು ಮಾತ್ರ. ಚಿತ್ರವಿಲ್ಲದ ಫೋನಿನಲ್ಲಿ ಈ ಸಾಲು ಬರೀ ಕಪ್ಪು ಬಾವುಟವಾಗಿ ಕಾಣುತ್ತದೆ. IN ಎಂದು ಕಂಡರೆ ಭಾರತವೆಂದು ಊಹಿಸಬಹುದು, ಇಲ್ಲಿ ಅಕ್ಷರಗಳೇ ಕಾಣದ ಕಾರಣ ಪಡೆದವರಿಗೆ ಕಳಿಸಿದ್ದು ಯಾವ ರಾಜ್ಯದ ಬಾವುಟ ಎಂಬ ಸುಳಿವೂ ಸಿಗುವುದಿಲ್ಲ.