ಹೇಳುವವನೇ ಬಿಟ್ಟುಕೊಡುವ ಗುಟ್ಟು

ಕಥೆಯಲ್ಲಿ 'ನಾನು' ಎಂದು ಮಾತಾಡುವ ವ್ಯಕ್ತಿಯನ್ನು ನಾವು ಸುಲಭವಾಗಿ ನಂಬಿಬಿಡುತ್ತೇವೆ. ಅವನ ಕಣ್ಣಿಂದಲೇ ಎಲ್ಲವನ್ನೂ ನೋಡುವಾಗ ಅವನನ್ನೇ ಅನುಮಾನಿಸಬೇಕು ಎಂದು ತೋಚುವುದು ಕಷ್ಟ. ಈ ನಂಬಿಕೆಯನ್ನೇ ಬಳಸಿಕೊಂಡು ಬರೆಯುವ ಒಂದು ಬಗೆಯಿದೆ. ಅಲ್ಲಿ ನಿರೂಪಕ ಹೇಳುವುದು ಒಂದು, ಅವನ ಮಾತುಗಳ ನಡುವಿನಿಂದ ಓದುಗನಿಗೆ ಕಾಣುವುದು ಇನ್ನೊಂದು. ಅಮೆರಿಕದ ವಿಮರ್ಶಕ ವೇಯ್ನ್ ಬೂತ್ 1961ರಲ್ಲಿ 'ದಿ ರೆಟರಿಕ್ ಆಫ್ ಫಿಕ್ಷನ್' ಎಂಬ ಪುಸ್ತಕದಲ್ಲಿ ಇಂಥವನನ್ನು ನಂಬಲಾಗದ ನಿರೂಪಕ ಎಂದು ಕರೆದರು. ಬೂತ್ ಅವರ ಮಾತಿನ ಸಾರ ಇಷ್ಟು: ನಿರೂಪಕ ಬೇರೆ, ಅವನ ಹಿಂದಿರುವ ಲೇಖಕ ಬೇರೆ. ನಿರೂಪಕನಿಗೆ ಗೊತ್ತಾಗದಂತೆ ಲೇಖಕ ಓದುಗನಿಗೆ ಸನ್ನೆ ಮಾಡುತ್ತಿರುತ್ತಾನೆ.

ಈ ಸನ್ನೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಓದಿಯೇ ನೋಡಬೇಕು. ಅದಕ್ಕಾಗಿಯೇ ಬರೆದ ಒಂದು ಭಾಗ ಇಲ್ಲಿದೆ. ಇದರಲ್ಲಿರುವವರೆಲ್ಲ ಕಲ್ಪಿತರು.

*

ಅಮ್ಮನನ್ನು ನಾನು ಹೇಗೆ ನೋಡಿಕೊಂಡೆ ಅನ್ನುವುದು ನಮ್ಮ ಬೀದಿಗೇ ಗೊತ್ತು. ಸಂಕ್ರಾಂತಿಯ ಮಾರನೇ ದಿನ ಬಚ್ಚಲಲ್ಲಿ ಜಾರಿಬಿದ್ದವಳು ಆಮೇಲೆ ಹಾಸಿಗೆ ಬಿಟ್ಟು ಏಳಲೇ ಇಲ್ಲ. ಬಲಗೈ ಅಂತೂ ಹೋಗೇಬಿಟ್ಟಿತು. ಕೊನೆಯವರೆಗೂ ನೀರಿನ ಲೋಟ ಹಿಡಿಯಲೂ ಆಗಲಿಲ್ಲ, ಪಾಪ. ಪ್ರತಿದಿನ ರಾತ್ರಿ ಒಂಬತ್ತಕ್ಕೆ ಅಂಗಡಿ ಬಾಗಿಲು ಹಾಕಿ ಬಂದು, ಅವಳ ಹತ್ತಿರ ಕೂತು ಅರ್ಧ ಗಂಟೆ ಮಾತಾಡಿದ ಮೇಲೆಯೇ ನಾನು ಊಟಕ್ಕೆ ಏಳುತ್ತಿದ್ದುದು.

ಪಕ್ಕದ ಮನೆ ಗಿರಿಜಮ್ಮನವರಿಗೆ ಬೇರೆಯವರ ಮನೆಯೊಳಗೆ ಮೂಗು ತೂರಿಸುವ ಚಾಳಿ. ಯಾರೂ ಕೇಳದಿದ್ದರೂ ದಿನಾ ಮಧ್ಯಾಹ್ನ ಗಂಜಿ ತರುವುದು, ಅಮ್ಮನ ಸೀರೆ ಬದಲಾಯಿಸುವುದು. ಸಾಲದ್ದಕ್ಕೆ, 'ಸಂಜೆ ಏಳಕ್ಕೆಲ್ಲ ಮಾತ್ರೆ ಕೊಟ್ಟು ಮಲಗಿಸಿ ಬರ್ತೀನಿ, ಬೆಳಗಿನವರೆಗೂ ಎಚ್ಚರ ಇರಲ್ಲ' ಅಂತ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು.

ತಂಗಿ ಸುಧಾ ಮೈಸೂರಿನಿಂದ ಫೋನ್ ಮಾಡುತ್ತಲೇ ಇದ್ದಳು. ಅಮ್ಮನಿಗೆ ಅವಳ ಜೊತೆ ಮಾತಾಡುವ ಮನಸ್ಸಿರಲಿಲ್ಲ. ಅಮ್ಮನ ಫೋನ್ ಅಂಗಡಿಯಲ್ಲಿ ನನ್ನ ಗಲ್ಲಾಪೆಟ್ಟಿಗೆಯಲ್ಲೇ ಇತ್ತಲ್ಲ, ಎಷ್ಟು ಸಲ ಹೊಡೆದುಕೊಂಡಿತು ಅನ್ನುವುದಕ್ಕೆ ನಾನೇ ಸಾಕ್ಷಿ.

ಯುಗಾದಿ ಕಳೆದ ಮೇಲೆ ಅಮ್ಮ ತಾನಾಗಿಯೇ ಉಯಿಲು ಬರೆಸಿದಳು. ಮನೆ ನನಗೆ. ಎಂದಿನ ಅದೇ ದುಂಡು ಅಕ್ಷರದಲ್ಲಿ ಸಹಿ ಇದೆ, ಯಾರು ಬೇಕಾದರೂ ನೋಡಬಹುದು. ಸಾಕ್ಷಿಗೆ ನಮ್ಮ ಅಂಗಡಿಯ ಹುಡುಗರಿಬ್ಬರು ಇದ್ದರು. ಸುಧಾ ಈಗ ನನ್ನ ಮುಖ ನೋಡುವುದಿಲ್ಲ. ದುಡ್ಡು ಮನುಷ್ಯರನ್ನು ಹೇಗೆ ಕೆಡಿಸುತ್ತದೆ ನೋಡಿ.

ನಾನಂತೂ ಈಗಲೂ ರಾತ್ರಿ ಮನೆಗೆ ಬಂದ ತಕ್ಷಣ ಅಮ್ಮನ ಕೋಣೆಯ ದೀಪ ಹಾಕುತ್ತೇನೆ. ಕರೆಂಟು ದಂಡ ಅಂತ ಹೆಂಡತಿ ಬೈಯುತ್ತಾಳೆ. ಯಾಕೆ ಹಾಕುತ್ತೇನೆ ಅಂತ ನನಗೂ ಗೊತ್ತಿಲ್ಲ.

*

ಮುಂದೆ ಹೋಗುವ ಮೊದಲು ಈ ಆರು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿ. ಪ್ರತಿ ಉತ್ತರದ ಜೊತೆ, ಅದಕ್ಕೆ ಆಧಾರವಾದ ವಾಕ್ಯವನ್ನೂ ಗುರುತಿಸಿ.

1. ಮಗ ರಾತ್ರಿ ಮನೆಗೆ ಬರುವ ಹೊತ್ತಿಗೆ ಅಮ್ಮ ಯಾವ ಸ್ಥಿತಿಯಲ್ಲಿದ್ದಳು?
2. ಸುಧಾಳ ಕರೆಗೆ ಉತ್ತರ ಕೊಡುವುದು ಬೇಡ ಎಂದು ತೀರ್ಮಾನಿಸಿದವರು ಯಾರು?
3. ಉಯಿಲಿನ ಸಹಿಯ ಬಗೆಗಿನ ಮಾತನ್ನು ಬೇರೆ ಯಾವ ವಾಕ್ಯದ ಜೊತೆಗಿಟ್ಟು ಓದಬೇಕು?
4. ಆ ಸಹಿ ಹಾಕಿದವರು ಯಾರು?
5. ಇಡೀ ಭಾಗದಲ್ಲಿ ಅಮ್ಮ ಆಡಿದ ಒಂದು ಮಾತನ್ನು ತೋರಿಸಿ.
6. ಮಗ ಹೇಳಿದ್ದರಲ್ಲಿ ಯಾವುದನ್ನು ಪೂರ್ತಿ ನಂಬಬಹುದು? ಯಾಕೆ?

ಮೊದಲನೆಯದಕ್ಕೆ ಉತ್ತರ ಎರಡು ವಾಕ್ಯಗಳ ನಡುವೆ ಇದೆ. ಅಂಗಡಿ ಮುಚ್ಚುವುದು ಒಂಬತ್ತಕ್ಕೆ, ಅಮ್ಮ ಮಲಗುವುದು ಏಳಕ್ಕೆ. ಹಾಗಾದರೆ ಆ ಅರ್ಧ ಗಂಟೆಯ ಮಾತುಕತೆ ನಡೆದದ್ದು ಯಾವಾಗ? ಇಲ್ಲಿ ಗಮನಿಸಬೇಕಾದದ್ದು, ಏಳು ಗಂಟೆಯ ವಿಷಯ ನಮಗೆ ತಿಳಿದದ್ದು ಗಿರಿಜಮ್ಮನ ಬಾಯಿಂದ. ಅದನ್ನು ನಮಗೆ ತಲುಪಿಸಿದವನು ಮಗನೇ. ಆಕೆಯನ್ನು ದೂರುವ ಉತ್ಸಾಹದಲ್ಲಿ ತನಗೆ ವಿರುದ್ಧವಾದ ಸಾಕ್ಷ್ಯವನ್ನು ತಾನೇ ಮುಂದಿಟ್ಟಿದ್ದಾನೆ. ಬೇರೆಯವರ ಮಾತನ್ನು ನಿರೂಪಕ ಉದ್ಧರಿಸುವ ಜಾಗದಲ್ಲಿ ಓದುಗ ನಿಧಾನ ಮಾಡಬೇಕು ಎನ್ನುವುದು ಇದಕ್ಕೇ. ತನ್ನ ಮಾತನ್ನು ಎಷ್ಟು ಬಿಗಿಯಾಗಿ ಹೆಣೆದರೂ ಇನ್ನೊಬ್ಬರ ಮಾತು ಅವನ ಹಿಡಿತಕ್ಕೆ ಸಿಗುವುದಿಲ್ಲ.

ಎರಡನೆಯ ಪ್ರಶ್ನೆಯ ಗುಟ್ಟು ಫೋನು ಇದ್ದ ಜಾಗ. ಅಮ್ಮ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು, ಫೋನು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿತ್ತು. ಕರೆ ಬಂದದ್ದು ಅವಳಿಗೆ ಕೇಳಿಸುವಂತೆಯೇ ಇರಲಿಲ್ಲ. ಹಾಗಿರುವಾಗ 'ಮಾತಾಡುವ ಮನಸ್ಸಿರಲಿಲ್ಲ' ಎಂಬುದು ಅಮ್ಮನ ಮನಸ್ಸಿನ ಬಗ್ಗೆ ಮಗ ಹೇಳಿದ ಮಾತೇ ಹೊರತು ನಾವು ಕಂಡ ಸಂಗತಿಯಲ್ಲ. ಇನ್ನೊಬ್ಬರ ಮನಸ್ಸಿನಲ್ಲಿ ಏನಿತ್ತು ಎಂದು ನಿರೂಪಕ ಖಚಿತವಾಗಿ ಹೇಳಿದಾಗಲೆಲ್ಲ, ಅದು ಅವನಿಗೆ ಗೊತ್ತಾದದ್ದು ಹೇಗೆ ಎಂದು ಕೇಳಿಕೊಳ್ಳಬೇಕು.

ಮೂರು ಮತ್ತು ನಾಲ್ಕನೆಯ ಪ್ರಶ್ನೆಗಳನ್ನು ಬೇಕೆಂದೇ ಜೋಡಿ ಮಾಡಿದೆ. ಕೊನೆಯವರೆಗೂ ಲೋಟ ಹಿಡಿಯಲಾಗದ ಕೈಯಿಂದ ಯುಗಾದಿಯ ನಂತರ ದುಂಡು ಅಕ್ಷರದ ಸಹಿ ಮೂಡಿದೆ. ಎಡಗೈಯಲ್ಲಿ ಹಾಕಿದ್ದರೆ ಅದು 'ಎಂದಿನ' ಅಕ್ಷರ ಆಗುತ್ತಿರಲಿಲ್ಲ. ಎರಡು ಮಾತುಗಳಲ್ಲಿ ಒಂದು ಸುಳ್ಳು ಎಂಬಲ್ಲಿಗೆ ಮೂರನೆಯ ಪ್ರಶ್ನೆ ಮುಗಿಯುತ್ತದೆ. ಚುರುಕಾದ ಓದುಗ ಅಲ್ಲಿಗೆ ನಿಲ್ಲದೆ, 'ಮಗನೇ ಕಳ್ಳಸಹಿ ಹಾಕಿದ' ಎಂದು ನಾಲ್ಕನೆಯದಕ್ಕೆ ಉತ್ತರ ಬರೆಯುವ ಸಂಭವ ಹೆಚ್ಚು. ಬರೆದದ್ದರ ಆಧಾರದ ಮೇಲೆ ಹಾಗೆ ಹೇಳಲು ಬರುವುದಿಲ್ಲ. ಬೇರೆ ಯಾರೋ ಹಾಕಿರಬಹುದು. ಅಥವಾ ಅಮ್ಮನ ಕೈ ಅಷ್ಟು ಕೆಟ್ಟಿರದೆ, ತನ್ನ ಸೇವೆ ದೊಡ್ಡದಾಗಿ ಕಾಣಲೆಂದು ಮಗ ಅವಳ ಸ್ಥಿತಿಯನ್ನು ಹಿಗ್ಗಿಸಿ ಹೇಳಿರಬಹುದು. ಸಾಕ್ಷಿಗಳಿಬ್ಬರೂ ಅವನ ಅಂಗಡಿಯವರು ಎಂಬುದು ಅನುಮಾನಕ್ಕೆ ಎಡೆ ಮಾಡುತ್ತದೆ, ಆದರೆ ಅಷ್ಟರಿಂದಲೇ ಏನೂ ಸಾಬೀತಾಗುವುದಿಲ್ಲ. ಉಯಿಲಿಗೆ ಇಬ್ಬರು ಸಾಕ್ಷಿಗಳು ಇರಲೇಬೇಕು ಎಂದು ಕಾನೂನೇ ಹೇಳುತ್ತದೆ. ಆದ್ದರಿಂದ ನಾಲ್ಕನೆಯ ಪ್ರಶ್ನೆಗೆ ಸರಿಯುತ್ತರ 'ತಿಳಿಯುವುದಿಲ್ಲ'. ಇಂಥ ಒಂದು ಪ್ರಶ್ನೆ ಇಲ್ಲದಿದ್ದರೆ ಪರೀಕ್ಷೆ ಅರ್ಧವಾಗುತ್ತದೆ. ಎಲ್ಲವನ್ನೂ ನಂಬುವ ಓದುಗ ಮೊದಲ ಮೂರರಲ್ಲಿ ಸಿಕ್ಕಿಬೀಳುತ್ತಾನೆ. ಎಲ್ಲವನ್ನೂ ಅನುಮಾನಿಸುವ ಓದುಗ ನಾಲ್ಕನೆಯದರಲ್ಲಿ ಸಿಕ್ಕಿಬೀಳುತ್ತಾನೆ.

ಐದನೆಯದು ಸುಲಭವಾಗಿ ಕಾಣುವ ಕಠಿಣ ಪ್ರಶ್ನೆ. ಅಮ್ಮನ ಒಂದು ಮಾತೂ ಇಲ್ಲಿಲ್ಲ. ದಿನಾ ಅರ್ಧ ಗಂಟೆ ಮಾತಾಡಿದೆ ಎನ್ನುವ ಮಗನಿಗೆ ಅವಳಾಡಿದ ಒಂದು ವಾಕ್ಯವೂ ನೆನಪಿಗೆ ಬಂದಿಲ್ಲ, ಗಿರಿಜಮ್ಮನ ಮಾತು ಮಾತ್ರ ಅಕ್ಷರಶಃ ನೆನಪಿದೆ. ಎರಡು ವಾಕ್ಯಗಳು ಒಂದಕ್ಕೊಂದು ಹೊಂದದಿದ್ದರೆ ಕಣ್ಣಿಗೆ ಬೀಳುತ್ತದೆ, ಇರಬೇಕಾದದ್ದು ಇಲ್ಲದಿದ್ದರೆ ಬೀಳುವುದಿಲ್ಲ. ಇಂಥ ಗೈರುಹಾಜರಿಯನ್ನು ಗುರುತಿಸಲು ಒಂದೇ ದಾರಿ: ನಿರೂಪಕ ಹೇಳಿದ್ದು ನಿಜವಾಗಿದ್ದರೆ ಈ ಪುಟದಲ್ಲಿ ಇನ್ನೇನು ಇರಬೇಕಿತ್ತು ಎಂದು ಕೇಳಿಕೊಳ್ಳುವುದು.

ಆರನೆಯದಕ್ಕೆ ನನ್ನ ಉತ್ತರ, ದೀಪದ ವಿಷಯ. ಅದನ್ನು ಹೇಳುವುದರಿಂದ ಅವನಿಗೆ ಲಾಭವಿಲ್ಲ, ಯಾರೂ ಕೇಳಿಯೂ ಇಲ್ಲ. 'ಯಾಕೆ ಅಂತ ನನಗೂ ಗೊತ್ತಿಲ್ಲ' ಎನ್ನುವಾಗ ಇಡೀ ಭಾಗದಲ್ಲಿ ಮೊದಲ ಬಾರಿ ಅವನ ಮಾತಿನ ಖಚಿತತೆ ಕಳಚುತ್ತದೆ. ಅಂಗಡಿ ಮುಚ್ಚುವ ಹೊತ್ತು, ಫೋನು ಇದ್ದ ಜಾಗ ಇವನ್ನೂ ನಂಬಬಹುದು, ಏಕೆಂದರೆ ಅವು ಅವನಿಗೇ ತೊಡಕಾಗುವ ವಿವರಗಳು. ನಂಬಲಾಗದ ನಿರೂಪಕ ಹೇಳುವುದೆಲ್ಲ ಸುಳ್ಳಲ್ಲ. ಹಾಗಿದ್ದರೆ ನಿಜ ತಿಳಿಯಲು ನಮಗೆ ದಾರಿಯೇ ಇರುತ್ತಿರಲಿಲ್ಲ.

ಇಂಗ್ಲಿಷ್ ಕಾದಂಬರಿಕಾರ ಕಜುವೊ ಇಶಿಗುರೊ ಈ ಕಲೆಯನ್ನು ಎಷ್ಟು ಎತ್ತರಕ್ಕೆ ಒಯ್ದರು ಎಂಬುದು 1989ರ 'ದಿ ರಿಮೇನ್ಸ್ ಆಫ್ ದಿ ಡೇ' ಕಾದಂಬರಿಯಲ್ಲಿ ಕಾಣುತ್ತದೆ. ಅದರ ನಿರೂಪಕ ಸ್ಟೀವನ್ಸ್ ಒಬ್ಬ ಬಟ್ಲರ್, ದೊಡ್ಡ ಬಂಗಲೆಯೊಂದರ ಕೆಲಸದವರ ಮುಖ್ಯಸ್ಥ. 1923ರಲ್ಲಿ ಅಲ್ಲಿ ಮಹತ್ವದ ಸಭೆ ನಡೆಯುತ್ತಿರುವಾಗಲೇ ಮಹಡಿಯ ಕೋಣೆಯಲ್ಲಿ ಅವನ ತಂದೆ ಸಾಯುತ್ತಾನೆ. ಸ್ಟೀವನ್ಸ್ ಅತಿಥಿಗಳಿಗೆ ಪಾನೀಯ ಕೊಡುತ್ತ ಓಡಾಡುತ್ತಲೇ ಇರುತ್ತಾನೆ. ತನಗೆ ದುಃಖವಾಯಿತೆಂದು ಅವನು ಬರೆಯುವುದೇ ಇಲ್ಲ. ಅತಿಥಿಯೊಬ್ಬ ಆರಾಮವಾಗಿದ್ದೀಯಾ ಎಂದು ಕೇಳುತ್ತಾನೆ. ಆಮೇಲೆ ಯಜಮಾನ, ಅಳುತ್ತಿರುವಂತೆ ಕಾಣುತ್ತೀಯಲ್ಲ ಎನ್ನುತ್ತಾನೆ. ಸ್ಟೀವನ್ಸ್ ನಕ್ಕು, ಕರವಸ್ತ್ರದಿಂದ ಮುಖ ಒರೆಸಿಕೊಂಡು, ದಿನದ ಕೆಲಸದ ಆಯಾಸ ಎನ್ನುತ್ತಾನೆ. ಅವನು ಮುಚ್ಚಿಟ್ಟ ಕಣ್ಣೀರು ನಮಗೆ ತಿಳಿಯುವುದು ಇನ್ನೊಬ್ಬರ ಪ್ರಶ್ನೆಯಿಂದ ಮಾತ್ರ. ಗಿರಿಜಮ್ಮನ ಮಾತು ನಮ್ಮ ಕಥಾಭಾಗದಲ್ಲಿ ಮಾಡಿದ ಕೆಲಸವೂ ಇದೇ. ವ್ಯತ್ಯಾಸವೆಂದರೆ, ನಮ್ಮ ಅಂಗಡಿಯ ಮಗ ಬೇರೆಯವರನ್ನು ಒಪ್ಪಿಸಲು ಹೊರಟಿದ್ದಾನೆ, ಸ್ಟೀವನ್ಸ್ ಮರೆಮಾಚುತ್ತಿರುವುದು ಮುಖ್ಯವಾಗಿ ತನ್ನಿಂದಲೇ. ಕನ್ನಡದಲ್ಲಿ ವಿವೇಕ ಶಾನಭಾಗರ 'ಘಾಚರ್ ಘೋಚರ್' ಕಥೆಯ ಹೆಸರಿಲ್ಲದ ನಿರೂಪಕನನ್ನೂ ಹೀಗೆಯೇ ಓದಬೇಕು. ಕಾಫಿ ಹೌಸಿನಲ್ಲಿ ಕೂತು ತನ್ನ ಮನೆಯವರ ಬಗ್ಗೆ ಇಷ್ಟೆಲ್ಲ ಹೇಳುವವನು ತನ್ನ ಪಾಲಿನ ಹೊಣೆಯ ಬಗ್ಗೆ ಎಲ್ಲೆಲ್ಲಿ ಸುಮ್ಮನಾಗುತ್ತಾನೆ ಎಂದು ನೋಡುತ್ತ ಹೋದರೆ ಕಥೆ ಬೇರೆಯಾಗಿ ತೆರೆದುಕೊಳ್ಳುತ್ತದೆ.

ಇಂಥ ಪ್ರಶ್ನೆಗಳನ್ನು ತರಗತಿಗೋ ಓದುಗರ ಕೂಟಕ್ಕೋ ತಯಾರಿಸುವವರು ಒಂದು ಪ್ರಶ್ನೆಯನ್ನು ಮಾತ್ರ ಮೊದಲಿಗೇ ಕೇಳಬಾರದು: 'ಈ ನಿರೂಪಕ ನಂಬಿಕೆಗೆ ಅರ್ಹನೇ?' ಕೇಳಿದ ಕೂಡಲೇ ಗುಟ್ಟು ಬಯಲಾಗುತ್ತದೆ, ಏನನ್ನೂ ಗಮನಿಸದವರೂ 'ಇಲ್ಲ' ಎಂದುಬಿಡುತ್ತಾರೆ. ಫೋನು ಎಲ್ಲಿತ್ತು, ಅಂಗಡಿ ಮುಚ್ಚುವುದು ಎಷ್ಟು ಹೊತ್ತಿಗೆ ಎಂದು ಬಿಡಿಬಿಡಿಯಾಗಿ ಕೇಳಿದರೆ ಜ್ಞಾಪಕಶಕ್ತಿಯ ಪರೀಕ್ಷೆಯಷ್ಟೇ ಆಗುತ್ತದೆ. ಎರಡು ವಿವರಗಳನ್ನು ಓದುಗನೇ ಹುಡುಕಿ ಜೋಡಿಸಿದಾಗ ಮಾತ್ರ ಉತ್ತರ ಸಿಗುವಂತೆ ಪ್ರಶ್ನೆ ಇರಬೇಕು. ಉತ್ತರದ ಜೊತೆ ವಾಕ್ಯವನ್ನೂ ತೋರಿಸಿ ಎಂದು ಕೇಳಿದರೆ, ಊಹೆಯಿಂದ ಗೆದ್ದವರು ಯಾರು, ಓದಿ ಗೆದ್ದವರು ಯಾರು ಎಂಬುದೂ ತಿಳಿಯುತ್ತದೆ.

ಕೊನೆಗೆ ಇನ್ನೊಂದು ಕೆಲಸ ಕೊಡಬಹುದು. ಇದೇ ಕಥೆಯನ್ನು ಗಿರಿಜಮ್ಮನ ಬಾಯಲ್ಲಿ ಬರೆಯಲು ಹೇಳಿ. ಬಹಳ ಮಂದಿ ಈಗ ಸತ್ಯ ಸಿಕ್ಕಿತು ಎಂಬಂತೆ ಬರೆಯುತ್ತಾರೆ. ಆಗ ಗಿರಿಜಮ್ಮನ ಆ ಒಂದು ವಾಕ್ಯವನ್ನು ಮತ್ತೆ ಓದಿಸಬೇಕು. ಏಳು ಗಂಟೆಗೆ ಮಲಗಿಸಿ ತನ್ನ ಮನೆಗೆ ಹೋಗುತ್ತಿದ್ದವರಿಗೆ ಅಮ್ಮ ಬೆಳಗಿನವರೆಗೂ ಎಚ್ಚರಗೊಳ್ಳಲಿಲ್ಲ ಎಂಬುದು ಹೇಗೆ ಗೊತ್ತು? ಒಂಬತ್ತಕ್ಕೆ ಅವಳು ಕಣ್ಣು ತೆರೆದು ಮಗನ ಮಾತು ಕೇಳಿಸಿಕೊಂಡ ರಾತ್ರಿಗಳು ಕೆಲವಾದರೂ ಇದ್ದಿರಬಹುದು. ಮೊದಲ ಪ್ರಶ್ನೆಗೆ ಸರಿಯುತ್ತರ 'ಮಲಗಿದ್ದಳು' ಅಲ್ಲ, 'ಬಹುಶಃ ಮಲಗಿದ್ದಳು'. ಆ 'ಬಹುಶಃ' ಬರೆದವರಿಗೇ ಪೂರ್ಣ ಅಂಕ ಸಲ್ಲಬೇಕು.