ಕೋಷ್ಟಕದಿಂದ ಎರಡು ಪ್ಯಾರಾ

ಕಪ್ಪುಹಲಗೆಯ ಮೇಲಿನ ರಕ್ತನಾಳಗಳ ಕೋಷ್ಟಕವನ್ನು ಮೊಬೈಲಿನಲ್ಲಿ ಫೋಟೊ ತೆಗೆದಿದ್ದೀರಿ ಎನ್ನೋಣ. ಅಪಧಮನಿ, ಅಭಿಧಮನಿ, ಲೋಮನಾಳ ಎಂದು ಮೂರು ಕಾಲಂ. ರಕ್ತದ ದಿಕ್ಕು, ಭಿತ್ತಿ, ಒತ್ತಡ, ಕವಾಟ, ಆಮ್ಲಜನಕ ಎಂದು ಐದು ಸಾಲು. ಫೋಟೊ ಓರೆಯಾಗಿದ್ದರೆ ಕಣ್ಣು ಪಕ್ಕದ ಸಾಲಿಗೆ ಜಾರುತ್ತದೆ. ಆದ್ದರಿಂದ ಮೊದಲು ಪ್ರತಿ ಸಾಲಿನ ಕೆಳಗೆ ಕಾಗದದ ಅಂಚು ಹಿಡಿದು ಓದಿ. ‘ಒತ್ತಡ’ದ ಎದುರು ‘ಇದೆ, ಇಲ್ಲ’ ಎಂಬ ಉತ್ತರ ಕಂಡರೆ ನೀವು ಕವಾಟದ ಸಾಲಿಗೆ ಜಾರಿದ್ದೀರಿ.

ಆಮೇಲೆ, ಉಳಿದವಕ್ಕೆ ಕಾರಣವಾಗುವ ಸಾಲನ್ನು ಹುಡುಕಬೇಕು. ಇಲ್ಲಿ ಅದು ಒತ್ತಡ. ಕಾಲಂಗೊಂದು ಪ್ಯಾರಾ ಬರೆದರೆ ಹೋಲಿಕೆಯೇ ಕಳೆದುಹೋಗುತ್ತದೆ. ಪುನರಾವರ್ತನೆಯ ಹಾಳೆಯಲ್ಲಿ ಹೀಗಿರಲಿ:

“ಅಪಧಮನಿ ಹೃದಯದಿಂದ ರಕ್ತ ಒಯ್ಯುತ್ತದೆ; ಹೆಚ್ಚಿನ ಒತ್ತಡ ತಡೆಯಲು ಅದರ ಭಿತ್ತಿ ದಪ್ಪ, ಸ್ಥಿತಿಸ್ಥಾಪಕ. ಅಭಿಧಮನಿ ರಕ್ತವನ್ನು ಹೃದಯಕ್ಕೆ ಮರಳಿಸುತ್ತದೆ. ಒತ್ತಡ ಕಡಿಮೆ, ಭಿತ್ತಿ ತೆಳು. ರಕ್ತ ಹಿಂದಕ್ಕೆ ಹರಿಯದಂತೆ ಕವಾಟಗಳಿವೆ.

ಇವೆರಡೂ ಸಾಗಣೆಯ ನಾಳಗಳಾದರೆ, ಲೋಮನಾಳ ವಿನಿಮಯದ ತಾಣ. ಅದರ ಭಿತ್ತಿ ಒಂದೇ ಜೀವಕೋಶದಷ್ಟು ತೆಳುವಾದ್ದರಿಂದ ಆಮ್ಲಜನಕವೂ ಆಹಾರಾಂಶಗಳೂ ಅಂಗಾಂಶಕ್ಕೆ ದಾಟುತ್ತವೆ.”

ಆಮ್ಲಜನಕದ ಸಾಲನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಅಪಧಮನಿಯಲ್ಲಿ ಆಮ್ಲಜನಕಯುಕ್ತ ರಕ್ತ ಎಂದು ಕೋಷ್ಟಕ ಹೇಳಿದರೂ ಶ್ವಾಸಕೋಶದ ಅಪಧಮನಿಯಲ್ಲಿ ಹರಿಯುವುದು ಆಮ್ಲಜನಕ ಕಡಿಮೆಯಿರುವ ರಕ್ತ. ಶ್ವಾಸಕೋಶದ ಅಭಿಧಮನಿಯಲ್ಲಿ ಇದಕ್ಕೆ ತದ್ವಿರುದ್ಧ. ಸೇರಿಸುವುದಾದರೆ ‘ಸಾಮಾನ್ಯವಾಗಿ’ ಎಂಬ ಪದವನ್ನೂ ಈ ಅಪವಾದವನ್ನೂ ಜೊತೆಯಲ್ಲೇ ಬರೆಯಿರಿ.